ವಾರಗಟ್ಟಲೆ ಮನೆಯಲ್ಲಿಟ್ಟುಕೊಂಡ ಚಿಕ್ಕಮ್ಮನಿಗೆ ಒಂದು ಪುಟ್ಟ ಪತ್ರ: ಬರೆಯುವುದು ಹೇಗೆ?

"ಸಂಸಾರ ಸಮೇತ ಚಿಕ್ಕಮ್ಮನ ಮನೆಯಲ್ಲಿ ಒಂದೂವರೆ ತಿಂಗಳು ಇದ್ದು ಬಂದೆವು. ಎದುರಿಗೆ ಹೇಳಲು ಹೋದರೆ 'ಸಾಕು ಸುಮ್ನಿರು' ಅಂತಾರೆ. ಎರಡು ಸಾಲು ಬರೆಯೋಣ ಅಂದ್ರೆ ಸಭೆಯ ವಂದನಾರ್ಪಣೆ ಥರ ಆಗುತ್ತೆ. ಏನು ಬರೆಯಲಿ?" ಮಾತು ಸ್ವಲ್ಪ ಆಚೀಚೆ ಆದರೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಒಂದು ವಿಷಯ. ಎರಡು ದಿನ ಇದ್ದು ಬಂದವರು ಬರೆಯುವ ಪತ್ರವೇ ಬೇರೆ, ಏಳು ವಾರ ಇದ್ದು ಬಂದವರು ಬರೆಯುವುದೇ ಬೇರೆ. ಎರಡು ದಿನಕ್ಕೆ ನೀವು ಅತಿಥಿ. ಆ ಮನೆಯವರು ತಮ್ಮ ದಿನಚರಿಯನ್ನು ಎರಡು ದಿನ ಬದಿಗಿಟ್ಟು ನಿಮ್ಮನ್ನು ನೋಡಿಕೊಂಡಿರುತ್ತಾರೆ, ನೀವು ಹೋದಮೇಲೆ ಅದು ತಾನಾಗಿ ಹಳೆಯ ಜಾಗಕ್ಕೆ ಬರುತ್ತದೆ. ಮೂರನೇ ವಾರಕ್ಕೆ ಹಾಗಲ್ಲ. ಅಷ್ಟು ಹೊತ್ತಿಗೆ ಚಿಕ್ಕಮ್ಮ ತಮ್ಮ ಸ್ನಾನದ ಹೊತ್ತು, ಮಲಗುವ ಜಾಗ, ಬೀರು, ಮಧ್ಯಾಹ್ನದ ಒಂದು ಗಂಟೆಯ ಮೌನ, ಇವನ್ನೆಲ್ಲ ನಿಮಗಾಗಿ ಹೊಸದಾಗಿ ಹೊಂದಿಸಿಕೊಂಡಿರುತ್ತಾರೆ. ಅದಕ್ಕೆ "ಆತಿಥ್ಯ" ಎಂಬ ಪದ ಚಿಕ್ಕದಾಗುತ್ತದೆ. ಹಾಗಾಗಿ ನಿಮ್ಮ ಪತ್ರ ಹೇಳಬೇಕಾದ್ದು ಇಷ್ಟೇ: ಅವರು ಏನನ್ನು ಸರಿಸಿ ನಿಮಗೆ ಜಾಗ ಮಾಡಿಕೊಟ್ಟರು ಎಂಬುದು ನಿಮ್ಮ ಕಣ್ಣಿಗೆ ಬಿದ್ದಿದೆ. ಅದೂ ಎಲ್ಲವೂ ಬೇಡ, ಒಂದೇ ಒಂದು ಸಾಕು.

ಕೆಳಗೆ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ಗಂಡ, ಹೆಂಡತಿ, ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು. ಸ್ವಂತ ಮನೆಯಲ್ಲಿ ನೀರಿನ ಪೈಪೆಲ್ಲ ಕಿತ್ತು ಹೊಸದು ಹಾಕಿಸುವ ಕೆಲಸ ಶುರುವಾಗಿ, ಏಳು ವಾರ ಹೆಂಡತಿಯ ಚಿಕ್ಕಮ್ಮನ ಮನೆಯಲ್ಲಿದ್ದರು. ಆ ಮನೆಯಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೇ. ಪತ್ರ ಬರೆಯಬೇಕಾದವರು ಹೆಂಡತಿ, ಅಂದರೆ ಇಲ್ಲಿಂದ ಮುಂದೆ ನೀವು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ದಪ್ಪ ಹಾಳೆ, ಚೆನ್ನಾಗಿ ಬರೆಯುವ ಪೆನ್ನು, ಗೀಚಲು ಒಂದಷ್ಟು ರದ್ದಿ ಕಾಗದ, ಬೇರೆ ಬೇರೆ ಎರಡು ದಿನದಲ್ಲಿ ಅರ್ಧರ್ಧ ಗಂಟೆ.

1. ತಲುಪಿದ ದಿನವೇ ಬರೆಯಬೇಡಿ

ಮನೆ ತಲುಪಿದ ದಿನ ಒಂದು ಫೋನ್ ಮಾಡಿ "ಬಂದು ಸೇರಿದೆವು" ಅಂದರೆ ಆಯಿತು. ಆ ಸಂಜೆ ಬರೆದ ಪತ್ರದಲ್ಲಿ ಎರಡೇ ವಿಷಯ ಇರುತ್ತವೆ: ಆಯಾಸ ಮತ್ತು ಅಗಲಿಕೆ. ಎರಡೂ ನಿಮ್ಮ ವಿಷಯ, ಚಿಕ್ಕಮ್ಮನದಲ್ಲ.

ನಾಲ್ಕೈದು ದಿನ ಬಿಡಿ. ನಿಮ್ಮದೇ ಮನೆಯಲ್ಲಿ ಮತ್ತೆ ಓಡಾಡಲು ಶುರುಮಾಡಿದಾಗ, ಅಲ್ಲಿ ಸಲೀಸಾಗಿ ನಡೆಯುತ್ತಿದ್ದ ಯಾವುದೋ ಇಲ್ಲಿ ನಡೆಯುತ್ತಿಲ್ಲ ಎಂದು ಗೊತ್ತಾಗುತ್ತದೆ. ರಾತ್ರಿ ಮಗಳು ಬಚ್ಚಲಿಗೆ ಹೋಗಲು ಎದ್ದು ಕತ್ತಲೆಗೆ ಹೆದರಿ ಅಳುತ್ತಾಳೆ. ಆಗ ಹೊಳೆಯುತ್ತದೆ, ಅಲ್ಲಿ ಅವಳು ಒಂದು ದಿನವೂ ಅತ್ತಿರಲಿಲ್ಲ. ಯಾಕೆ? ನಡುಮನೆಯ ದೀಪ ರಾತ್ರಿಯಿಡೀ ಉರಿಯುತ್ತಿತ್ತು. ಯಾರು ಉರಿಸಿಡುತ್ತಿದ್ದರು? ನೀವು ಹುಡುಕುತ್ತಿರುವುದು ಇಂಥದ್ದನ್ನೇ, ಮತ್ತು ಅದು ನೀವು ಅಲ್ಲಿಂದ ಹೊರಟ ಮೇಲೆಯೇ ಕಾಣುವುದು.

ಹಾಗಂತ ತಿಂಗಳು ದಾಟಿಸಬೇಡಿ. ಒಂದು ವಾರದಿಂದ ಹತ್ತು ದಿನದೊಳಗೆ ಪತ್ರ ಅವರ ಕೈ ಸೇರಿದರೆ ಹದವಾಗಿರುತ್ತದೆ.

2. ಒಂದು ದಿನವನ್ನು ಬೆಳಗಿನಿಂದ ರಾತ್ರಿವರೆಗೆ ನಡೆದು ನೋಡಿ

ಹೆಚ್ಚಿನವರು ಎಡವುವುದು ಇಲ್ಲಿ. ಕಾಗದ ಮುಂದಿಟ್ಟುಕೊಂಡು "ಚಿಕ್ಕಮ್ಮ ನಮಗೆ ಏನೆಲ್ಲ ಮಾಡಿದರು" ಎಂದು ಯೋಚಿಸಲು ಕೂರುತ್ತಾರೆ. ಹಾಗೆ ಕೇಳಿದರೆ ಮನಸ್ಸು ಕೊಡುವ ಉತ್ತರ ಪ್ರೀತಿ, ಕಾಳಜಿ, ವಾತ್ಸಲ್ಯ. ಅವು ಸುಳ್ಳಲ್ಲ, ಆದರೆ ಯಾವ ಚಿಕ್ಕಮ್ಮನಿಗಾದರೂ ಒಪ್ಪುತ್ತವೆ.

ಅದರ ಬದಲು ಆ ಮನೆಯಲ್ಲಿನ ಒಂದು ಸಾಧಾರಣ ದಿನವನ್ನು ಹಿಡಿಯಿರಿ. ಹೋದ ದಿನ, ಹೊರಟ ದಿನ ಬೇಡ, ಅವೆರಡೂ ವಿಶೇಷದ ದಿನಗಳು. ನಡುವಿನ ಯಾವುದೋ ಮಂಗಳವಾರ ಸಾಕು. ಎದ್ದಿರಿ. ಕಾಲು ಎಲ್ಲಿಟ್ಟಿರಿ? ಬಚ್ಚಲು ಖಾಲಿ ಇತ್ತೇ? ಟವೆಲ್ ಎಲ್ಲಿ ತೂಗುಹಾಕಿತ್ತು? ಹೊರಗೆ ಹೋಗುವಾಗ ಕೀಲಿಕೈ ಎಲ್ಲಿಂದ ತೆಗೆದುಕೊಂಡಿರಿ? ಮಧ್ಯಾಹ್ನ ಚಿಕ್ಕಮ್ಮ ಎಲ್ಲಿ ಮಲಗಿದ್ದರು? ಹೀಗೆ ಕೋಣೆಯಿಂದ ಕೋಣೆಗೆ, ಹೊತ್ತಿನಿಂದ ಹೊತ್ತಿಗೆ ನಡೆಯುತ್ತ, ನೆನಪಾದದ್ದನ್ನು ರದ್ದಿ ಕಾಗದದ ಮೇಲೆ ನಾಲ್ಕು ನಾಲ್ಕು ಪದದಲ್ಲಿ ಗೀಚಿಕೊಳ್ಳಿ. ವಾಕ್ಯ ಕಟ್ಟಬೇಡಿ.

ಮನೆಯ ಉಳಿದವರನ್ನೂ ಕೇಳಿ. ಮಕ್ಕಳನ್ನಂತೂ ತಪ್ಪದೆ ಕೇಳಿ, ಅವರು ನೆಲದಿಂದ ಮೂರಡಿ ಎತ್ತರದಲ್ಲಿ ಓಡಾಡಿಕೊಂಡಿದ್ದವರು, ನಿಮಗೆ ಕಾಣದ್ದು ಅವರಿಗೆ ಕಂಡಿರುತ್ತದೆ. ಆದರೆ "ಅಜ್ಜಿ ನಿಂಗೆ ಏನು ಮಾಡಿಕೊಟ್ರು?" ಎಂದು ಕೇಳಬೇಡಿ. "ಅಜ್ಜಿ ಮನೇಲಿ ನೀನು ಎಲ್ಲಿ ಕೂರ್ತಿದ್ದೆ?" ಎಂದು ಕೇಳಿ.

ನಮ್ಮ ಉದಾಹರಣೆಯ ಕುಟುಂಬದ ಪಟ್ಟಿ ಕೊನೆಗೆ ಹೀಗಾಯಿತು: ದಿನಾ ಅಡುಗೆ, ಬಟ್ಟೆ ಒಗೆತ. ನಡುಮನೆ ದೀಪ. ಚಿಕ್ಕಮ್ಮನ ಸ್ನಾನ ಬೆಳಗ್ಗೆ ಎಲ್ಲರಿಗಿಂತ ಮುಂಚೆ, ಮೊದಲು ಹಾಗಿರಲಿಲ್ಲ. ಮೊದಲ ದಿನವೇ ಕೊಟ್ಟ ಇನ್ನೊಂದು ಕೀಲಿಕೈ. ಮಗಳ ಗೊಂಬೆಯ ಹರಿದ ಕೈ ಹೊಲಿದದ್ದು. ಬೀರುವಿನ ಕೆಳಗಿನ ಎರಡು ಖಾನೆ ಖಾಲಿ. ಕಿಟಕಿ ಪಕ್ಕದ ಚಿಕ್ಕಪ್ಪನ ಕುರ್ಚಿಯಲ್ಲಿ ಮಗ. ವಾರಕ್ಕೊಮ್ಮೆ ಬರುತ್ತಿದ್ದ ಚಿಕ್ಕಮ್ಮನ ಗೆಳತಿಯರು ಆ ಏಳು ವಾರ ಬರಲಿಲ್ಲ. ಒಂದು ರಾತ್ರಿ ಚಿಕ್ಕಮ್ಮ ಚಿಕ್ಕಪ್ಪ ಒಳಗೆ ಮೆಲ್ಲಗೆ ಜಗಳವಾಡಿದ್ದು ಕೇಳಿಸಿತು, ಬಹುಶಃ ನಮ್ಮ ವಿಷಯಕ್ಕೆ.

3. ಪಟ್ಟಿಯಿಂದ ಒಂದನ್ನು ಆರಿಸಿ

ಆರಿಸಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಬೇರೆ ಯಾರ ಮನೆಯಲ್ಲಾದರೂ ಮಾಡುತ್ತಿದ್ದರೇ? ಇದರಿಂದ ಚಿಕ್ಕಮ್ಮನ ಕೈಯಿಂದ ಏನಾದರೂ ಬಿಟ್ಟುಹೋಯಿತೇ? ಇದನ್ನು ಅವರು ತಾವಾಗಿ ಹೇಳಿಕೊಂಡಿದ್ದರೇ?

ಅಡುಗೆ, ಒಗೆತ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತವೆ. ಏಳು ವಾರ ಆರು ಜನಕ್ಕೆ ಅಡುಗೆ ಮಾಡುವುದು ಕಡಿಮೆ ಕೆಲಸವೇನಲ್ಲ, ನಿಜ. ಆದರೆ ಪತ್ರದಲ್ಲಿ ಅದನ್ನು ಬರೆದರೆ ಓದುವಾಗ ಕಣ್ಣು ಜಾರಿಬಿಡುತ್ತದೆ, ಏಕೆಂದರೆ ಎಲ್ಲರೂ ಅದನ್ನೇ ಬರೆಯುತ್ತಾರೆ. ಕೀಲಿಕೈ ಒಳ್ಳೆಯದೇ, ಆದರೆ ಅದನ್ನು ಅವರು ಕೈಗೆ ಕೊಟ್ಟೇ ಹೇಳಿದ್ದರು, ನೀವು ಅವತ್ತೇ ಸಂತೋಷಪಟ್ಟಿದ್ದೂ ಆಗಿದೆ. ಗೊಂಬೆಯ ಕೈ ಮುದ್ದಾಗಿದೆ. ಆದರೆ ಅದು ಹತ್ತು ನಿಮಿಷದ ಕೆಲಸ. ಎರಡು ದಿನ ಇದ್ದು ಬಂದವರ ಪತ್ರಕ್ಕೆ ಸರಿಯಾಗುತ್ತಿತ್ತು.

ಬೀರುವಿನ ಖಾನೆ ಮೂರೂ ಪ್ರಶ್ನೆ ದಾಟಿ ನಿಲ್ಲುತ್ತದೆ. ನೀವು ಹೋಗುವ ಮುಂಚೆಯೇ ಚಿಕ್ಕಮ್ಮ ತಮ್ಮ ಬಟ್ಟೆಯನ್ನೆಲ್ಲ ಕೆಳಗಿನ ಎರಡು ಖಾನೆಯಿಂದ ತೆಗೆದು, ಹಿಂದಿನ ಕೋಣೆಯ ಟ್ರಂಕಿನ ಮೇಲೆ ಒಟ್ಟಿ, ಮೇಲೊಂದು ಹೊದಿಕೆ ಮುಚ್ಚಿಟ್ಟಿದ್ದರು. ನೀವು ಅದನ್ನು ನೋಡಿದ್ದು ನಾಲ್ಕನೇ ವಾರದಲ್ಲಿ, ಏನನ್ನೋ ಹುಡುಕಲು ಹೋಗಿ ಹೊದಿಕೆ ಎತ್ತಿದಾಗ. ಅಲ್ಲಿಯವರೆಗೆ ಆ ಖಾನೆಗಳು ಮೊದಲಿನಿಂದಲೂ ಖಾಲಿ ಇದ್ದವೆಂದೇ ನೀವು ಅಂದುಕೊಂಡಿದ್ದಿರಿ. ಪತ್ರಕ್ಕೆ ಇದೇ ಸರಿ.

ಕೊನೆಯ ಎರಡು ವಿಷಯಗಳ ಬಗ್ಗೆ ಎಚ್ಚರ. ಗೆಳತಿಯರು ಬಾರದೆ ಹೋದದ್ದು, ರಾತ್ರಿ ಕೇಳಿಸಿದ ಜಗಳ, ಇವೂ ಚಿಕ್ಕಮ್ಮ ಹೇಳಿಕೊಳ್ಳದ ಸಂಗತಿಗಳೇ. ಆದರೆ ಹೇಳಿಕೊಳ್ಳದಿರುವುದಕ್ಕೂ ಬಚ್ಚಿಡುವುದಕ್ಕೂ ವ್ಯತ್ಯಾಸವಿದೆ. ಬಟ್ಟೆ ಸರಿಸಿದ್ದು ನಿಮಗೆ ಗೊತ್ತಾದರೆ ಅವರಿಗೆ ಒಳಗೊಳಗೇ ಹಿಗ್ಗು. ಜಗಳ ಕೇಳಿಸಿತ್ತು ಎಂದು ಗೊತ್ತಾದರೆ ಮುಖ ಎಲ್ಲಿಡಬೇಕು ತೋಚುವುದಿಲ್ಲ. ಅದೂ ಅಲ್ಲದೆ ನಿಮ್ಮ ಪತ್ರವನ್ನು ಅವರೊಬ್ಬರೇ ಓದಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಚಿಕ್ಕಪ್ಪ ಓದುತ್ತಾರೆ, ಅವರ ಮಗಳು ಬಂದರೆ ಅವಳಿಗೆ ತೋರಿಸುತ್ತಾರೆ, ನಿಮ್ಮ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳುತ್ತಾರೆ. ನಾಲ್ಕು ಜನರೆದುರು ಗಟ್ಟಿಯಾಗಿ ಓದಲು ಆಗದ ಯಾವುದನ್ನೂ ಬರೆಯಬೇಡಿ. ಇದೇ ಕಾರಣಕ್ಕೆ ಹೋಲಿಕೆಯೂ ಬೇಡ. "ದೊಡ್ಡಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದಾಗಲೂ ಹೀಗನ್ನಿಸಿರಲಿಲ್ಲ" ಎಂಬ ಒಂದು ಸಾಲು ದೊಡ್ಡಮ್ಮನ ಕಿವಿಗೆ ಮುಟ್ಟಲು ಎಷ್ಟು ದಿನ ಬೇಕು ಎಂಬುದನ್ನು ನಿಮ್ಮ ಮನೆತನದ ಲೆಕ್ಕದಲ್ಲಿ ನೀವೇ ಹೇಳಬಲ್ಲಿರಿ.

4. ಹೇಗೆ ಕರೆಯುವುದು, ಯಾವ ಭಾಷೆಯಲ್ಲಿ ಬರೆಯುವುದು

ಪತ್ರದ ಮೊದಲ ಪದಕ್ಕೆ ಸಂಬೋಧನೆ ಎನ್ನುತ್ತಾರೆ, ಅಂದರೆ ಯಾರನ್ನು ಉದ್ದೇಶಿಸಿ ಬರೆಯುತ್ತೀರೋ ಅವರನ್ನು ಕರೆಯುವ ಮಾತು. ನಿಯಮ ಒಂದೇ: ಬಾಗಿಲಲ್ಲಿ ನಿಂತು ಹೇಗೆ ಕೂಗುತ್ತೀರೋ ಹಾಗೆ. ಚಿಕ್ಕಮ್ಮ ಅನ್ನುತ್ತೀರಾದರೆ ಚಿಕ್ಕಮ್ಮ, ಚಿಕ್ಕಿ ಅನ್ನುತ್ತೀರಾದರೆ ಚಿಕ್ಕಿ, ಅತ್ತೆ ಅನ್ನುತ್ತೀರಾದರೆ ಅತ್ತೆ. "ಚಿಕ್ಕಮ್ಮನವರಿಗೆ" ಎಂದು ಬರೆದಿರೋ, ಏಳು ವಾರ ಒಂದೇ ಸೂರಿನಡಿ ಇದ್ದವರು ಒಂದೇ ಪದದಲ್ಲಿ ಅಂಗಳಕ್ಕೆ ಇಳಿದ ಹಾಗಾಗುತ್ತದೆ. ಹಳೆಯ ಕಾಗದಗಳಲ್ಲಿ "ಮಾತೃಶ್ರೀ ಸಮಾನರಾದ" ಎಂದು ಶುರುವಾಗಿ "ಉಭಯ ಕುಶಲೋಪರಿ ಸಾಂಪ್ರತ" ಎಂದು ಮುಂದುವರಿಯುತ್ತಿತ್ತು. ಎರಡೂ ಕಡೆ ಕ್ಷೇಮ, ಇನ್ನು ವಿಷಯಕ್ಕೆ ಬರೋಣ ಎಂಬುದು ಅದರ ತಾತ್ಪರ್ಯ. ಅದರ ಸೊಗಸೇ ಬೇರೆ. ನಿಮ್ಮ ಚಿಕ್ಕಮ್ಮ ಆ ಕಾಲದ ಕಾಗದ ಓದಿ ಬೆಳೆದವರಾಗಿದ್ದು, ನೀವೂ ಹಾಗೆ ಬರೆಯುವ ರೂಢಿಯಿದ್ದವರಾದರೆ ಧಾರಾಳವಾಗಿ ಬರೆಯಿರಿ. ಇಲ್ಲದಿದ್ದರೆ ಹತ್ತು ಸಾಲಿನ ಪತ್ರದಲ್ಲಿ ಎರಡು ಸಾಲು ಅದಕ್ಕೇ ಹೋಗುತ್ತದೆ.

ತಾವು, ನೀವು, ನೀನು. ಇದರಲ್ಲೂ ಅದೇ ಮಾತು. ಎದುರಿಗೆ "ನೀವು" ಅನ್ನುವವರು ಪತ್ರದಲ್ಲಿ "ತಾವು" ಎಂದು ಏರಿಸಬೇಡಿ. "ನೀನು" ಅನ್ನುವಷ್ಟು ಸಲಿಗೆಯಿದ್ದರೆ ಹಾಗೇ ಬರೆಯಿರಿ. ಆದರೆ ಅಲ್ಲೊಂದು ವ್ಯಾಕರಣದ ಗುಂಡಿಯಿದೆ. ಆಡುಮಾತಿನಲ್ಲಿ "ನಾನು ಖಾಲಿ ಮಾಡಿದ್ದೆ", "ನೀನು ಖಾಲಿ ಮಾಡಿದ್ದೆ", ಎರಡರಲ್ಲೂ ಕ್ರಿಯಾಪದ ಒಂದೇ. ಮಾತಾಡುವಾಗ ಮುಖ ನೋಡಿ ಗೊತ್ತಾಗುತ್ತದೆ. ಬರವಣಿಗೆಯಲ್ಲಿ ಗೊತ್ತಾಗುವುದಿಲ್ಲ. "ಬೀರು ಖಾಲಿ ಮಾಡಿಟ್ಟಿದ್ದೆ" ಎಂದಷ್ಟೇ ಬರೆದರೆ ಖಾಲಿ ಮಾಡಿದ್ದು ಯಾರು ಎಂದು ಅವರು ತಡಕಾಡಬೇಕು. ಹಾಗಾಗಿ ಏಕವಚನದಲ್ಲಿ ಬರೆಯುವವರು "ನೀನು" ಎಂಬುದನ್ನು ನುಂಗಬೇಡಿ.

ಇನ್ನು ಬರಹದ ಕನ್ನಡವೋ ಆಡುವ ಕನ್ನಡವೋ? "ಇಟ್ಟಿದ್ದಿರಿ" ಎಂದೋ "ಇಟ್ಟಿದ್ರಿ" ಎಂದೋ? ನನ್ನ ಓಟು ಆಡುವ ಮಾತಿಗೆ, ಯಾಕೆಂದರೆ ಓದುವಾಗ ಅವರಿಗೆ ನಿಮ್ಮ ದನಿ ಕೇಳಿಸಬೇಕು. ಆದರೆ ಯಾವುದು ಹಿಡಿದಿರೋ ಕೊನೆಯವರೆಗೂ ಅದೇ ಇರಲಿ. ಒಂದು ಸಾಲಿನಲ್ಲಿ "ಮಾಡಿಟ್ಟಿದ್ರಿ", ಮುಂದಿನದರಲ್ಲಿ "ಸ್ಮರಿಸುತ್ತೇವೆ" ಬಂದರೆ ನಡುವೆ ಬೇರೆ ಯಾರೋ ಪೆನ್ನು ಕಿತ್ತುಕೊಂಡು ಬರೆದ ಹಾಗಿರುತ್ತದೆ.

5. ಮೊದಲ ಕರಡು ಕೆಟ್ಟದಾಗಿ ಬರಲಿ

ಕರಡು ಅಂದರೆ ತಿದ್ದುವ ಮೊದಲಿನ ಕಚ್ಚಾ ಬರಹ. ಹೆಚ್ಚಿನವರ ಮೊದಲ ಕರಡು ಹೀಗಿರುತ್ತದೆ:

> ಪ್ರೀತಿಯ ಚಿಕ್ಕಮ್ಮನವರಿಗೆ,
> ಕಳೆದ ಏಳು ವಾರಗಳ ಕಾಲ ನಮ್ಮ ಕುಟುಂಬಕ್ಕೆ ತಾವು ನೀಡಿದ ಆತ್ಮೀಯ ಆತಿಥ್ಯಕ್ಕೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಪ್ರೀತಿ, ವಾತ್ಸಲ್ಯ ಹಾಗೂ ಕಾಳಜಿಯನ್ನು ನಾವೆಂದೂ ಮರೆಯಲಾರೆವು. ನಮ್ಮಿಂದ ಏನಾದರೂ ತೊಂದರೆಯಾಗಿದ್ದಲ್ಲಿ ದಯವಿಟ್ಟು ಕ್ಷಮಿಸಿ. ತಮ್ಮ ಋಣವನ್ನು ಏಳೇಳು ಜನ್ಮಕ್ಕೂ ತೀರಿಸಲಾಗದು. ತಾವೂ ಒಮ್ಮೆ ನಮ್ಮ ಮನೆಗೆ ಬಂದು ಇದ್ದು ಹೋಗಬೇಕು.

ಇದನ್ನು ಬರೆದದ್ದಕ್ಕೆ ನಾಚಿಕೆಪಡಬೇಡಿ, ಎಲ್ಲರ ಕೈಯೂ ಮೊದಲು ಇಲ್ಲಿಗೇ ಹೋಗುತ್ತದೆ. ಆದರೆ ಇದನ್ನು ಕಳಿಸಬೇಡಿ. ಎಲ್ಲಿ ಕೆಡುತ್ತಿದೆ ನೋಡೋಣ.

"ಆತಿಥ್ಯ", "ಹೃತ್ಪೂರ್ವಕ", "ಧನ್ಯವಾದಗಳು" ವೇದಿಕೆಯ ಪದಗಳು. ಕಾರ್ಯಕ್ರಮ ಮುಗಿದ ಮೇಲೆ ಮೈಕಿನಲ್ಲಿ ಕೇಳುವಂಥವು. ನಮ್ಮಲ್ಲಿ ಹತ್ತಿರದವರಿಗೆ "ಧನ್ಯವಾದ" ಎಂದರೆ ಹತ್ತಿರ ಬಂದಂತಾಗುವುದಿಲ್ಲ, ಒಂದು ಹೆಜ್ಜೆ ಹಿಂದೆ ಸರಿದಂತಾಗುತ್ತದೆ. "ನಾನೇನು ಹೊರಗಿನವಳಾ?" ಎಂದು ಚಿಕ್ಕಮ್ಮ ಗದರುವುದು ಅದಕ್ಕೇ. ಆ ಗದರಿಕೆಯಲ್ಲಿ ಅರ್ಧ ತಮಾಷೆ, ಇನ್ನರ್ಧ ನಿಜ. ಹೇಳಲೇಬೇಕು ಅನ್ನಿಸಿದರೆ ಪತ್ರದ ಕೊನೆಯಲ್ಲಿ ಒಂದು "ಥ್ಯಾಂಕ್ಸ್ ಚಿಕ್ಕಮ್ಮ" ಇರಲಿ. ಮೊದಲ ಸಾಲಲ್ಲಿ ಮಾತ್ರ ಬೇಡ.

"ತೊಂದರೆಯಾಗಿದ್ದಲ್ಲಿ ಕ್ಷಮಿಸಿ" ಎಂಬುದು ವಿನಯದ ಮಾತಿನಂತೆ ಕಾಣುತ್ತದೆ. ಆದರೆ ಅದು ಚಿಕ್ಕಮ್ಮನಿಗೆ ಹೊಸದೊಂದು ಕೆಲಸ ಹಚ್ಚುತ್ತದೆ. ಈಗ ಅವರು ಫೋನ್ ಮಾಡಿ "ಅಯ್ಯೋ, ಎಂಥಾ ತೊಂದರೆ, ಏನೂ ಇಲ್ಲ ಬಿಡು" ಎಂದು ನಿಮ್ಮನ್ನೇ ಸಮಾಧಾನ ಮಾಡಬೇಕು. ಏಳು ವಾರ ನೋಡಿಕೊಂಡದ್ದು ಸಾಲದು ಅಂತ ಇದೊಂದು ಬೇರೆ.

"ಋಣ ತೀರಿಸಲಾಗದು" ಎಂದರೆ ಲೆಕ್ಕದ ಪುಸ್ತಕ ತೆರೆದಂತೆ. ಅವರು ಬರೆದೇ ಇಡದಿದ್ದ ಲೆಕ್ಕವನ್ನು ನೀವು ಬರೆದು, ತೀರಿಸಲಾಗದು ಎಂದು ಕೈಯೆತ್ತಿದಿರಿ. "ನಮ್ಮ ಮನೆಗೂ ಬನ್ನಿ" ಎಂಬುದು ತಪ್ಪಲ್ಲ, ಆದರೆ ದಿನ ಹೇಳದ ಕರೆಗೆ ತೂಕ ಕಡಿಮೆ. ನಿಜವಾಗಿ ಕರೆಯುವುದಾದರೆ ಯಾವಾಗ ಎಂದು ಗೊತ್ತುಮಾಡಿಕೊಂಡು ಬೇರೆಯಾಗಿ ಫೋನಿನಲ್ಲಿ ಕರೆಯಿರಿ.

ಆ ಇಡೀ ಕರಡನ್ನು ಇನ್ನೊಬ್ಬ ಚಿಕ್ಕಮ್ಮನಿಗೆ ಕಳಿಸಿದರೆ ಒಂದಕ್ಷರ ಬದಲಿಸಬೇಕಾಗಿಲ್ಲ. ಕೆಟ್ಟ ಕರಡನ್ನು ಗುರುತಿಸಲು ಇಷ್ಟೇ ಸಾಕು.

6. ಎರಡನೇ ಕರಡನ್ನು ವಸ್ತುವಿನಿಂದ ಶುರುಮಾಡಿ

ಮೊದಲ ಸಾಲಿನಲ್ಲೇ ಬೀರು ಬರಲಿ. ಪೀಠಿಕೆ ಬೇಡ. ಆಮೇಲೆ ಅದು ನಿಮಗೆ ಯಾವಾಗ ಕಂಡಿತು. ಆಮೇಲೆ ಅದರಿಂದ ನಿಮಗೆ ಏನಾಯಿತು, ಅದೂ ಭಾವನೆಯ ಹೆಸರಿನಲ್ಲಲ್ಲ, ನೀವು ಮಾಡಿದ ಒಂದು ಕೆಲಸದ ಮೂಲಕ. "ನಮ್ಮ ಮನೆಯೇ ಅನ್ನಿಸಿತು" ಎಂದು ಬರೆದರೆ ಅವರು ನಂಬಬೇಕು. "ಬಂದ ರಾತ್ರಿಯೇ ಸೂಟ್‌ಕೇಸ್ ಖಾಲಿ ಮಾಡಿ ಮಂಚದ ಕೆಳಗೆ ತಳ್ಳಿದ್ದೆ" ಎಂದು ಬರೆದರೆ ಅವರಿಗೆ ಕಾಣುತ್ತದೆ. ಖಾನೆ ಖಾಲಿ ಇಲ್ಲದಿದ್ದರೆ ಏಳು ವಾರವೂ ಸೂಟ್‌ಕೇಸಿನಿಂದಲೇ ಬಟ್ಟೆ ಎಳೆದು ಹಾಕಿಕೊಳ್ಳುತ್ತಿದ್ದಿರಿ, ಇದು ಚಿಕ್ಕಮ್ಮನಿಗೂ ಗೊತ್ತು. ಅದಕ್ಕೇ ತಾನೇ ಅವರು ಖಾಲಿ ಮಾಡಿದ್ದು.

ಚಿಕ್ಕಪ್ಪನನ್ನು ಮರೆಯಬೇಡಿ. "ಚಿಕ್ಕಪ್ಪನಿಗೂ ನಮಸ್ಕಾರ ತಿಳಿಸಿ" ಎಂದು ಕೊನೆಯಲ್ಲಿ ತಳ್ಳುವುದು ಮರೆತದ್ದಕ್ಕಿಂತ ಒಂದು ಕೂದಲೆಳೆ ವಾಸಿ, ಅಷ್ಟೇ. ಅವರ ಮನೆಯೂ ಅಲುಗಾಡಿದೆ. ಪಟ್ಟಿಯಲ್ಲಿ ಅವರ ಕುರ್ಚಿ ಇದೆಯಲ್ಲ, ಅದನ್ನೇ ಎರಡು ಸಾಲಿನಲ್ಲಿ ತನ್ನಿ. ಮಗುವಿನ ಮಾತೊಂದು ಬಂದರೆ ಅದೂ ಇಲ್ಲೇ ಸೇರಿಕೊಳ್ಳುತ್ತದೆ. ಆದರೆ ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ಹೇಳದಿದ್ದುದನ್ನು ಅದರ ಬಾಯಿಗೆ ತುರುಕಬೇಡಿ. ನಾಲ್ಕು ವರ್ಷದ ಮಗಳು "ಅಜ್ಜಿ, ನಿಮ್ಮ ವಾತ್ಸಲ್ಯ ನೆನಪಾಗುತ್ತೆ" ಅನ್ನುವುದಿಲ್ಲ.

ಹೀಗೆ ಬರೆದು, ಒಂದು ರಾತ್ರಿ ಬಿಟ್ಟು, ಮರುದಿನ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದಲ್ಲೆಲ್ಲ ತಿದ್ದಿದ ಮೇಲೆ ನಿಂತ ಪತ್ರ ಇದು:

> ಚಿಕ್ಕಮ್ಮ,
>
> ನಾವು ಬರೋಕೆ ಮುಂಚೆಯೇ ನಿಮ್ಮ ಬೀರುವಿನ ಕೆಳಗಿನ ಎರಡು ಖಾನೆ ಖಾಲಿ ಮಾಡಿಟ್ಟಿದ್ರಿ. ನಿಮ್ಮ ಬಟ್ಟೆಯೆಲ್ಲ ಏಳು ವಾರ ಟ್ರಂಕಿನ ಮೇಲೆ ಹೊದಿಕೆ ಹೊದ್ದು ಕೂತಿತ್ತು. ಅದು ನನ್ನ ಕಣ್ಣಿಗೆ ಬಿದ್ದಿದ್ದೇ ನಾಲ್ಕನೇ ವಾರದಲ್ಲಿ. ನೀವು ಒಂದು ಸಲವೂ ಬಾಯಿ ಬಿಡಲಿಲ್ಲ. ಬಂದ ದಿನ ರಾತ್ರಿಯೇ ಮಕ್ಕಳ ಬಟ್ಟೆ ಜೋಡಿಸಿಟ್ಟು, ಖಾಲಿ ಸೂಟ್‌ಕೇಸ್ ಮಂಚದ ಕೆಳಗೆ ತಳ್ಳಿದ್ದೆ. ಆಮೇಲೆ ಅದನ್ನ ಹೊರಗೆ ತೆಗೆದಿದ್ದು ಹೊರಡೋ ದಿನವೇ.
>
> ಚಿಕ್ಕಪ್ಪನ ಕಿಟಕಿ ಪಕ್ಕದ ಕುರ್ಚಿ ಅಷ್ಟೂ ದಿನ ಇವನ ಪಾಲಾಗಿತ್ತು. ಇಲ್ಲಿಗೆ ಬಂದಮೇಲೆ ಒಂದು ಕುರ್ಚಿ ಕಿಟಕಿಗೆ ಎಳ್ಕೊಂಡು, "ಇದು ಚಿಕ್ಕಜ್ಜನ ಜಾಗ, ಯಾರೂ ಕೂರಬೇಡಿ" ಅಂತಿದಾನೆ.
>
> ಇದನ್ನೆಲ್ಲ ಎದುರಿಗೆ ಹೇಳೋಕೆ ಬಂದ್ರೆ ನೀವು ಬಿಡಲ್ಲ, ಅದಕ್ಕೇ ಬರೆದೆ.
>
> ಬಟ್ಟೆ ವಾಪಸ್ ಬೀರು ಸೇರಿತಾ?

ಕೆಳಗೆ ನಿಮ್ಮನ್ನು ಅವರು ಕರೆಯುವ ಹೆಸರು. ಪೂರ್ತಿ ಹೆಸರೂ ಬೇಡ, "ಇಂತಿ ತಮ್ಮ ವಿಶ್ವಾಸಿ"ಯೂ ಬೇಡ.

ಸುಮಾರು ಎಂಬತ್ತು ಪದಗಳಾದವು. ಇದಕ್ಕಿಂತ ಉದ್ದವಾದರೆ ಎರಡನೇ ವಿಷಯ ನುಸುಳುತ್ತಿದೆ ಎಂದರ್ಥ. ನಡುಮನೆಯ ದೀಪವನ್ನೂ ಸೇರಿಸೋಣ ಅನ್ನಿಸುತ್ತದೆ, ನನಗೂ ಅನ್ನಿಸಿತು. ಆದರೆ ಬೀರು, ದೀಪ, ಸ್ನಾನ ಎಲ್ಲವನ್ನೂ ಬರೆದರೆ ಅದು ಮತ್ತೆ ಪಟ್ಟಿಯಾಗುತ್ತದೆ, ಪಟ್ಟಿಯಲ್ಲಿ ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ. ದೀಪದ ಮಾತು ಮುಂದೆಂದಾದರೂ ಭೇಟಿಯಾದಾಗ ಬಾಯಲ್ಲಿ ಬರಲಿ.

ಕೊನೆಯ ಸಾಲು ಪ್ರಶ್ನೆಯಾಗಿರುವುದನ್ನು ಗಮನಿಸಿ. ಹೊಗಳಿಕೆಯಲ್ಲಿ ಮುಗಿದ ಪತ್ರಕ್ಕೆ ಏನು ಉತ್ತರ ಕೊಡಬೇಕೆಂದು ಅವರಿಗೆ ತೋಚುವುದಿಲ್ಲ. ಬಟ್ಟೆಯ ಪ್ರಶ್ನೆಗಾದರೆ ತಕ್ಷಣ ಉತ್ತರವಿದೆ.

7. ಕಳಿಸುವಾಗ

ಕೈಬರಹದ ಹಾಳೆಯೇ ಒಳ್ಳೆಯದು, ಎತ್ತಿಡಲು ಬರುತ್ತದೆ. ಅವರಿಗೆ ಕಣ್ಣು ಮಂದವಿದ್ದರೆ ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಬಿಡಿ. ಕನ್ನಡ ಓದಲು ಬಾರದ ಚಿಕ್ಕಮ್ಮನಾದರೆ ಇದನ್ನೇ ಓದಿ ಧ್ವನಿ ಸಂದೇಶ ಕಳಿಸಿ. ಮೊಬೈಲಿನಲ್ಲಿ ಬರೆದು ಕಳಿಸಿದರೂ ನಡೆಯುತ್ತದೆ, ಆದರೆ ಅವರೊಬ್ಬರಿಗೇ ಕಳಿಸಿ. ಮನೆಯವರೆಲ್ಲ ಇರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ, ಚಿಕ್ಕಮ್ಮ ಓದುವ ಮೊದಲೇ ಹನ್ನೆರಡು ಜನ ಕೈಮುಗಿದ ಚಿತ್ರ ಹಾಕಿರುತ್ತಾರೆ. ಆಮೇಲೆ ಅದು ನಿಮ್ಮಿಬ್ಬರ ನಡುವಿನ ಮಾತಾಗಿ ಉಳಿಯುವುದಿಲ್ಲ.

ಲಕೋಟೆಯೊಳಗೆ ಪತ್ರದ ಜೊತೆ ದುಡ್ಡಿಡಬೇಡಿ. ಖರ್ಚಿನ ವಿಷಯ ಏನಾದರೂ ಇದ್ದರೆ ಅದನ್ನು ಬೇರೆ ದಿನ, ಬೇರೆ ದಾರಿಯಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಒಟ್ಟಿಗೆ ಬಂದರೆ ಪತ್ರ ರಸೀದಿಯಾಗುತ್ತದೆ.

ಪತ್ರದ ಕೆಳಗೆ ವಿ.ಸೂ. ಎಂದು ಸೇರಿಸುವ ಚಟ ಕೆಲವರಿಗಿದೆ. ವಿಶೇಷ ಸೂಚನೆ, ಅಂದರೆ ಸಹಿ ಹಾಕಿದ ಮೇಲೆ ನೆನಪಾಗಿ ಬರೆಯುವ ಮಾತು. ಒಮ್ಮೆ ನಾನೂ ಇಂಥದ್ದೇ ಪತ್ರದಡಿ "ನನ್ನ ಚಾರ್ಜರ್ ಅಲ್ಲೇ ಬಿಟ್ಟು ಬಂದಿದೀನಿ ಅನ್ಸತ್ತೆ" ಎಂದು ಬರೆದೆ. ಪಾಪ, ಅವರು ಇಡೀ ದಿನ ಮನೆಯೆಲ್ಲ ಜಾಲಾಡಿದರು. ಸಂಜೆ ಫೋನಿನಲ್ಲಿ ಚಾರ್ಜರ್ ವಿಷಯ ಬಿಟ್ಟು ಬೇರೇನೂ ಬರಲಿಲ್ಲ. ಚಾರ್ಜರ್ ನನ್ನ ಚೀಲದಲ್ಲೇ ಇತ್ತು.

ಆಗಾಗ ಕೇಳುವ ಎರಡು ತೊಡಕು

*ಕೊನೆಯ ವಾರಗಳಲ್ಲಿ ಮನಸ್ತಾಪವಾಗಿತ್ತು. ಈಗಲೂ ಬರೆಯಬೇಕೇ?* ಬರೆಯಬಹುದು. ಅಷ್ಟು ದಿನ ಎರಡು ಸಂಸಾರ ಒಂದೇ ಬಚ್ಚಲು ಹಂಚಿಕೊಂಡರೆ ಮಾತು ಬರುವುದು ಸಹಜವೇ. ಪತ್ರದಲ್ಲಿ ಅದನ್ನು ಎತ್ತಬೇಡಿ, "ಏನೇ ಆಗಿರಲಿ" ಎಂಬಂಥ ಸುತ್ತುಮಾತನ್ನೂ ಹಾಕಬೇಡಿ, ಅದು ಗಾಯದ ಮೇಲೆ ಬೆರಳಿಟ್ಟ ಹಾಗೆಯೇ. ಮನಸ್ತಾಪಕ್ಕೆ ಮುಂಚಿನ ವಾರಗಳಲ್ಲಿ ನಡೆದ ಒಂದು ನಿಜವಾದ ಸಂಗತಿಯನ್ನು ಹಿಡಿದು ಐದು ಸಾಲು ಬರೆಯಿರಿ. ಖಾನೆ ಖಾಲಿ ಮಾಡಿದ್ದು ಜಗಳದ ಮುಂಚೆಯೂ ನಿಜ, ಆಮೇಲೂ ನಿಜ. ಆದರೆ ಆಡಬಾರದ ಮಾತನ್ನು ಆಡಿದವರು ನೀವೇ ಆಗಿದ್ದರೆ ಪತ್ರಕ್ಕೂ ಮೊದಲು ಫೋನ್ ಮಾಡಿ ತಪ್ಪಾಯಿತು ಅನ್ನಿ. ಎರಡನ್ನೂ ಒಂದೇ ಹಾಳೆಗೆ ತುಂಬಬೇಡಿ.

*ಬಂದು ಮೂರು ತಿಂಗಳಾಯಿತು, ಈಗ ಬರೆದರೆ ಚೆನ್ನಾಗಿರುತ್ತದೆಯೇ?* ಬರೆಯಿರಿ. ತಡವಾದದ್ದಕ್ಕೆ ಕಾರಣ ಕೊಡುತ್ತ ಅರ್ಧ ಹಾಳೆ ಕಳೆಯಬೇಡಿ. ಇವತ್ತು ಅದು ಯಾಕೆ ನೆನಪಾಯಿತು ಎಂಬುದರಿಂದಲೇ ಶುರುವಾಗಲಿ: "ಇವತ್ತು ಬೀರು ಜೋಡಿಸ್ತಾ ಇದ್ದೆ ಚಿಕ್ಕಮ್ಮ, ನಿಮ್ಮ ಕೆಳಗಿನ ಖಾನೆ ನೆನಪಾಯ್ತು." ಹೀಗೆ ಬಂದ ಪತ್ರ ತಡವಾಗಿ ಬಂದಂತೆ ಅನ್ನಿಸುವುದೂ ಇಲ್ಲ.

ಪತ್ರ ತಲುಪಿದ ಮೇಲೆ ಚಿಕ್ಕಮ್ಮ ಫೋನ್ ಮಾಡುತ್ತಾರೆ. "ಅದೇನು ಕಾಗದ ಗೀಗದ ಬರೆಯೋಕೆ ಹೋಗಿದೀಯ, ಬೇರೆ ಕೆಲಸ ಇಲ್ವಾ?" ಎಂದು ಗದರುತ್ತಾರೆ. ಆಗ ಪತ್ರವನ್ನು ಮತ್ತೆ ಬಾಯಲ್ಲಿ ವಿವರಿಸಲು ಹೋಗಬೇಡಿ. "ಬಟ್ಟೆ ಬೀರಿಗೆ ಹೋಯ್ತಾ ಇಲ್ವಾ, ಅದನ್ನ ಹೇಳಿ ಮೊದಲು" ಅನ್ನಿ. ಇನ್ನೂ ಟ್ರಂಕಿನ ಮೇಲೇ ಇದೆ, ಮುಂದಿನ ಸಲ ನೀವು ಬಂದಾಗ ಮತ್ತೆ ತೆಗೆಯುವುದೇ ತಾನೇ ಎಂದು ಅವರು ಅಂದರೂ ಅನ್ನಬಹುದು.